ಬೇಡ ಸರ್, ನನಗೆ ಆಗಲೇ ಆಗಿದೆ

ಇವತ್ತು ಒಂದೇ ಒಂದು ರಾತ್ರಿಯ ಕಥೆ ಹೇಳುತ್ತೇನೆ. ನಡೆದದ್ದು ಸುಮಾರು ನಲವತ್ತು ಕಿಲೋಮೀಟರ್ ರಸ್ತೆಯಲ್ಲಿ, ಎರಡು ಗಂಟೆಯೊಳಗೆ. ನಾನು ವರ್ಷಗಟ್ಟಲೆ ಕಾಲೇಜಿನಲ್ಲಿ ಶರೀರಕ್ರಿಯೆಯ ಪಾಠ ಮಾಡಿದವಳು. ಮಿದುಳು, ನಿದ್ದೆ, ನರಗಳು ಎಲ್ಲ ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆದಿದೆ. ಆದರೂ ಆ ರಾತ್ರಿ ಒಬ್ಬ ಟ್ಯಾಕ್ಸಿ ಚಾಲಕರು ಹೇಳಿದ ಒಂದು ಮಾತು ಕೇಳುವವರೆಗೆ ನಾನು ಕಲಿಸಿದ್ದು ನನಗೇ ಪೂರ್ತಿ ಅರ್ಥವಾಗಿರಲಿಲ್ಲ ಅನ್ನಿಸುತ್ತೆ.

ಡಿಸೆಂಬರ್ ತಿಂಗಳು. ದೇವನಹಳ್ಳಿ ಹತ್ತಿರ ಒಂದು ರೆಸಾರ್ಟಿನಲ್ಲಿ ನಮ್ಮ ನೆಂಟರ ಮದುವೆ ಆರತಕ್ಷತೆ. ಮುಗಿದು ಹೊರಡುವಾಗ ಒಂದೂವರೆ. ಕಾರಿನಲ್ಲಿ ನಾವು ನಾಲ್ಕು ಜನ: ನಾನು, ನನ್ನ ಅಕ್ಕ, ಭಾವ, ಚಿಕ್ಕಪ್ಪನ ಮಗ. ಮನೆ ಜಯನಗರದಲ್ಲಿ. ಚಾಲಕರು ನಲವತ್ತರ ಆಸುಪಾಸಿನವರು, ಮಂಡ್ಯ ಕಡೆಯವರು ಅಂತ ಮಾತಿನಲ್ಲೇ ಗೊತ್ತಾಗುತ್ತಿತ್ತು. ಹೆಸರು ಹೇಳುವುದಿಲ್ಲ, ಅಣ್ಣ ಅಂತಲೇ ಕರೆಯುತ್ತೇನೆ.

ಭಾವ ಮತ್ತು ತಮ್ಮ ಇಬ್ಬರೂ ಸ್ವಲ್ಪ ಕುಡಿದಿದ್ದರು, ಖುಷಿಯಲ್ಲಿದ್ದರು. ಜೊತೆಗೆ ಅರ್ಧ ಉಳಿದ ವಿಸ್ಕಿ ಬಾಟಲಿಯನ್ನೂ ತಂದಿದ್ದರು. ಯಲಹಂಕ ದಾಟಿದ ಮೇಲೆ ಸರ್ವಿಸ್ ರಸ್ತೆಯಲ್ಲಿ ಸೈಕಲ್ಲಿಗೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರೊಬ್ಬರು ಕಂಡರು. ಅಣ್ಣ ತಾವೇ ಗಾಡಿ ನಿಲ್ಲಿಸಿ, "ಐದು ನಿಮಿಷ ಸರ್, ಒಂದು ಟೀ ಕುಡ್ಕೊಂಡ್ ಬಿಡ್ತೀನಿ" ಅಂದರು. ನಾವೂ ಇಳಿದೆವು. ಬಳ್ಳಾರಿ ರಸ್ತೆಯಲ್ಲಿ ಆ ಹೊತ್ತಿಗೆ ಬೀಸುವ ಗಾಳಿ ಗೊತ್ತಲ್ಲ, ಶಾಲು ಹೊದ್ದರೂ ಕಿವಿ ತಣ್ಣಗಾಗುತ್ತದೆ.

ಭಾವ ಒಳ್ಳೆಯ ಮನುಷ್ಯ. ತಾನು ತಿನ್ನುವುದನ್ನು ಪಕ್ಕದವರಿಗೆ ಕೊಡದೆ ತಿನ್ನುವವರಲ್ಲ. ಟೀಯವರ ಹತ್ತಿರ ಒಂದು ಖಾಲಿ ಪೇಪರ್ ಲೋಟ ಇಸಕೊಂಡು, ಅರ್ಧದಷ್ಟು ವಿಸ್ಕಿ ಹಾಕಿ, ಮೇಲೆ ನೀರು ಬೆರೆಸಿ ಅಣ್ಣನ ಕೈಗೆ ಹಿಡಿದರು. "ತಗೊಳ್ಳಿ ಅಣ್ಣ, ಒಂದೇ ಒಂದು. ಚಳಿ ಜಾಸ್ತಿ ಇದೆ. ನಮ್ಮನೆ ಮದುವೆ ಖುಷಿಗೆ."

ಅಣ್ಣ ಎರಡೂ ಕೈ ಮುಗಿದರು. "ಬೇಡ ಸರ್, ನನಗೆ ಆಗಲೇ ಆಗಿದೆ."

ಒಂದು ಕ್ಷಣ ಯಾರಿಗೂ ಮಾತಿಲ್ಲ. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅರ್ಧ ಗಂಟೆಯಿಂದ ಇವರ ಗಾಡಿಯಲ್ಲಿ ಕೂತು ಬಂದಿದ್ದೇವೆ, ಈಗ ಇವರು ಆಗಲೇ ಆಗಿದೆ ಅಂತಿದ್ದಾರೆ! ಭಾವನ ಮುಖ ಬಿಗಿಯಿತು. "ಏನ್ರೀ, ಕುಡಿದು ಓಡಿಸ್ತಾ ಇದೀರಾ?" ಅಂದರು.

"ಒಂದು ತೊಟ್ಟೂ ಮುಟ್ಟಿಲ್ಲ ಸರ್. ಪೊಲೀಸ್ನೋರ ಮೆಷಿನ್ ತಂದು ಊದ್ಸಿ, ಸೊನ್ನೆ ತೋರ್ಸುತ್ತೆ. ಆದ್ರೆ ನಾನು ಬೆಳಗ್ಗೆ ಒಂಬತ್ತು ಗಂಟೆಗೆ ಎದ್ದವನು." ಬೆರಳು ಮಡಚಿ ಎಣಿಸಿದರು. "ಈಗ ಎರಡು ಗಂಟೆ. ಹದಿನೇಳು ಗಂಟೆ ಆಯ್ತು. ಹದಿನೇಳು ಗಂಟೆ ಎಚ್ಚರ ಇದ್ರೆ ಅದೇ ಎರಡು ಪೆಗ್ ಸರ್. ಒಂದ್ರ ಮೇಲೆ ಇನ್ನೊಂದು ಹಾಕ್ಬಾರ್ದು."

ಇದು ಅವರು ಕೊಟ್ಟ ಕಾರಣ. ಕೆಲಸ ಹೋಗುತ್ತದೆ, ದಂಡ ಬೀಳುತ್ತದೆ, ದೇವರಿಗೆ ಮಾಲೆ ಹಾಕಿದ್ದೇನೆ, ಇಂಥದ್ದೇನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಗಂಟೆಯ ಲೆಕ್ಕ.

ಆ ಲೆಕ್ಕ ಅವರಿಗೆ ಎಲ್ಲಿಂದ ಬಂತು ಅಂತ ಕೇಳಿದೆ. ಒಂದು ಡ್ರೈವಿಂಗ್ ತರಬೇತಿಯಲ್ಲಿ ಯಾರೋ ಹೇಳಿದ್ದರಂತೆ, ಆಗ ಕಿವಿಗೆ ಹಾಕಿಕೊಂಡಿರಲಿಲ್ಲವಂತೆ. ಅದನ್ನು ಎಲ್ಲಿ ನಂಬಿದರು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಮಾತು ಎಷ್ಟು ನಿಜ ಅಂತ ನೋಡೋಣ, ಯಾಕಂದರೆ ಭಾವ ಅಲ್ಲೇ ನಿಂತು "ಇದೆಲ್ಲ ಸುಮ್ನೆ ಹೇಳೋದು" ಅಂದರು, ಮತ್ತೆ ನನ್ನ ಕಡೆ ತಿರುಗಿದರು.

ನಿಜ. 1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬಿಬ್ಬರು ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಅವರು ಮಾಡಿದ್ದು ಬಹಳ ಸರಳ. 40 ಜನರನ್ನು ಒಂದು ಸಲ ರಾತ್ರಿಯೆಲ್ಲ ಸೇರಿ 28 ಗಂಟೆ ಎಚ್ಚರವಾಗಿ ಇಟ್ಟರು. ಇನ್ನೊಂದು ಸಲ ಅದೇ ಜನರಿಗೆ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಆಲ್ಕೋಹಾಲ್ ಕೊಟ್ಟರು. ಎರಡೂ ಸಲ ಒಂದೇ ಪರೀಕ್ಷೆ: ಪರದೆಯ ಮೇಲೆ ಓಡಾಡುವ ಗುರಿಯನ್ನು ಕೈಯಿಂದ ಹಿಂಬಾಲಿಸುವುದು. ಕಣ್ಣು ಕಂಡದ್ದಕ್ಕೆ ಕೈ ಎಷ್ಟು ಸರಿಯಾಗಿ ಓಡುತ್ತದೆ ಅನ್ನುವುದನ್ನು ಅಳೆಯುವ ಪರೀಕ್ಷೆ. ಸ್ಟಿಯರಿಂಗ್ ಹಿಡಿದವರು ಮಾಡುವ ಕೆಲಸವೂ ಹೆಚ್ಚು ಕಡಿಮೆ ಅದೇ ಅಲ್ವಾ.

17 ಗಂಟೆ ಎಚ್ಚರವಿದ್ದಾಗ ಆ ಜನರ ಕೈ ತಪ್ಪಿದ್ದು, 100 ಮಿಲೀ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದಾಗ ತಪ್ಪಿದಷ್ಟೇ. 24 ಗಂಟೆಯಾದಾಗ 100 ಮಿಲಿಗ್ರಾಂ ಇದ್ದವರಷ್ಟು. ಈಗ ನಮ್ಮ ಕಾನೂನು ನೆನಪು ಮಾಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮಿತಿ 30 ಮಿಲಿಗ್ರಾಂ. ಅದನ್ನು ಮೀರಿದರೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಂದರೆ ಒಂದು ಹನಿಯೂ ಮುಟ್ಟದ ನಮ್ಮ ಅಣ್ಣ ಕೈ ಕಣ್ಣಿನ ಲೆಕ್ಕದಲ್ಲಿ ಆಗಲೇ ಆ ಗೆರೆ ದಾಟಿದ್ದರು. ಊದಿಸಿದರೆ ಸೊನ್ನೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಆ ಪ್ರಯೋಗದಲ್ಲಿ ಇದ್ದವರು ಹಿಂದಿನ ರಾತ್ರಿ ಮಲಗಿ ಎದ್ದು ಬಂದವರು. ನಮ್ಮ ಅಣ್ಣ ಹಿಂದಿನ ರಾತ್ರಿಯೂ ಗಾಡಿ ಓಡಿಸಿ, ಬೆಳಗ್ಗೆ ಐದೂವರೆಗೆ ಮನೆಗೆ ಬಂದು ಮಲಗಿದವರು. ಒಂಬತ್ತಕ್ಕೆ ಎದ್ದು ಮಗಳ ಶಾಲೆಯ ಮೀಟಿಂಗಿಗೆ ಹೋಗಬೇಕಿತ್ತು. ಬಂದು ಮತ್ತೆ ಮಲಗೋಣ ಅಂದರೆ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಕಲ್ಲು ಕೊರೆಯುವ ಸದ್ದು. ಮೂರೂವರೆ ಗಂಟೆಯ ನಿದ್ದೆ, ಆಮೇಲೆ ಹದಿನೇಳು ಗಂಟೆ. ಆ ಪ್ರಯೋಗದವರಿಗಿಂತ ಅವರ ಸ್ಥಿತಿ ಕೆಟ್ಟದ್ದೇ ಇತ್ತು. ಈ ಊರಲ್ಲಿ ಹಗಲು ಮಲಗಬೇಕಾದವರ ಕಷ್ಟ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದರ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ರಾತ್ರಿ ಹತ್ತರ ಮೇಲೆ ಸದ್ದು ಮಾಡಿದರೆ ನಾವು ಜಗಳಕ್ಕೆ ಹೋಗುತ್ತೇವೆ. ಬೆಳಗ್ಗೆ ಹತ್ತಕ್ಕೆ ಕೊರೆಯುವ ಸದ್ದು ಬಂದರೆ ಆಗ ಒಬ್ಬರು ಮಲಗಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ.

ಭಾವನ ವಾದ ಇನ್ನೊಂದಿತ್ತು. "ಒಂದು ಪೆಗ್ಗಿಗೆ ಏನಾಗುತ್ತೆ, ಮಿತಿಯೊಳಗೇ ಇರುತ್ತಲ್ಲ?" ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ 42.8 ಪರ್ಸೆಂಟ್ ಆಲ್ಕೋಹಾಲ್. 30 ಮಿಲೀ ಅಂದರೆ ಒಂದು ಸಣ್ಣ ಪೆಗ್, ಅದರಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. 65 ಕಿಲೋ ತೂಕದ ಗಂಡಸಿನ ಮೈಯಲ್ಲಿ ಅದು ಹರಡಿದಾಗ 100 ಮಿಲೀ ರಕ್ತಕ್ಕೆ 20 ಮಿಲಿಗ್ರಾಂ ಆಸುಪಾಸು ಬರುತ್ತದೆ. ಹೌದು, ಮಿತಿಯೊಳಗೇ.

ಆದರೆ ಭಾವ ಹಾಕಿದ್ದು 30 ಮಿಲೀ ಅಲ್ಲ. ಮನೆಗೆ ಬಂದ ಮೇಲೆ ಅಂಥದೇ ಪೇಪರ್ ಲೋಟದಲ್ಲಿ ಅರ್ಧಕ್ಕೆ ನೀರು ಹಾಕಿ ಅಳೆದೆ. 50 ಮಿಲೀ. ಪ್ರೀತಿಯಿಂದ ಸುರಿಯುವ ಕೈ ಯಾವತ್ತೂ ಅಳತೆಗಿಂತ ಜಾಸ್ತಿಯೇ ಸುರಿಯುತ್ತದೆ. ಆ ಅರ್ಧ ಲೋಟ ರಕ್ತಕ್ಕೆ ಸೇರಿದರೆ 35ರ ಹತ್ತಿರ ಹೋಗುತ್ತದೆ. ಹೊಟ್ಟೆ ತುಂಬಿದ್ದರೆ ಸ್ವಲ್ಪ ಕಮ್ಮಿ, ಖಾಲಿ ಇದ್ದರೆ ಪೂರ್ತಿ. ಅಣ್ಣ ರಾತ್ರಿ ಎಂಟಕ್ಕೆ ಊಟ ಮಾಡಿದವರು, ಅಂದರೆ ಹೊಟ್ಟೆ ಖಾಲಿ. ಮತ್ತೆ, ಕುಡಿದ ತಕ್ಷಣ ಅದು ಏರಿಬಿಡುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಟೀ ಗಾಡಿಯ ಹತ್ತಿರ "ಏನೂ ಅನ್ನಿಸ್ತಿಲ್ಲ, ಚೆನ್ನಾಗೇ ಇದೀನಿ" ಅನ್ನುವವರಿಗೆ ಅದು ಪೂರ್ತಿ ಏರುವುದು ಹೆಬ್ಬಾಳದ ಮೇಲ್ಸೇತುವೆ ದಾಟಿ ಊರೊಳಗೆ ಬಂದಾಗ. ಇಳಿಯುವುದಂತೂ ಇನ್ನೂ ನಿಧಾನ, ಗಂಟೆಗೆ ಸುಮಾರು 15 ಮಿಲಿಗ್ರಾಂ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಲಿವರ್ ತನ್ನ ಪಾಡಿಗೆ ತಾನು ಮಾಡುತ್ತದೆ.

ಈಗ ಅಣ್ಣನ "ಒಂದ್ರ ಮೇಲೆ ಇನ್ನೊಂದು" ಅನ್ನುವ ಮಾತಿಗೆ ಬರುತ್ತೇನೆ. ನಾನು ಪಾಠ ಮಾಡುವಾಗ ನಿದ್ದೆಯ ಅಧ್ಯಾಯ ಬೇರೆ, ಆಲ್ಕೋಹಾಲಿನ ಅಧ್ಯಾಯ ಬೇರೆ. ಮಿದುಳಿನೊಳಗೆ ಹಾಗಿಲ್ಲ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಸೇರಿದಷ್ಟೂ ಜೋಂಪು. ಮಲಗಿದರೆ ಅದು ಕರಗುತ್ತದೆ. ಆಲ್ಕೋಹಾಲ್ ನರಗಳನ್ನು ಮಂದ ಮಾಡುವುದರ ಜೊತೆಗೆ ಇದೇ ಅಡಿನೋಸಿನ್ನನ್ನೂ ಹೆಚ್ಚಿಸುತ್ತದೆ. ಹಾಗಾಗಿ ನಿದ್ದೆ ಬಾಕಿ ಇರುವ ಮೈಯಲ್ಲಿ ಒಂದು ಪೆಗ್, ಚೆನ್ನಾಗಿ ಮಲಗಿ ಎದ್ದ ಮೈಯಲ್ಲಿ ಒಂದು ಪೆಗ್ಗಿನ ಹಾಗೆ ಇರುವುದಿಲ್ಲ. ಅಳತೆಯ ಯಂತ್ರ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಗಾಡಿ ಮಾತ್ರ ಬೇರೆ ಬೇರೆ ಓಡುತ್ತದೆ. ಇದರ ಮೇಲೆ ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಮೈಯ ಗಡಿಯಾರವೇ ಕೆಳಗಿಳಿದಿರುತ್ತದೆ. ಹಗಲು ಚೆನ್ನಾಗಿ ಮಲಗಿದವರಿಗೂ ಆ ಹೊತ್ತು ಭಾರವೇ.

ಇನ್ನೊಂದು ತೊಂದರೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ನಿದ್ದೆಯಾಗಲಿ, ಕುಡಿತವಾಗಲಿ, ಎರಡೂ ಮೊದಲು ಕೆಡಿಸುವುದು "ನಾನು ಈಗ ಹೇಗಿದ್ದೇನೆ" ಅಂತ ತಿಳಿಯುವ ಶಕ್ತಿಯನ್ನೇ. ಅದಕ್ಕೇ ಅಣ್ಣ ತಮಗೆ ಹೇಗನ್ನಿಸುತ್ತಿದೆ ಅಂತ ಕೇಳಿಕೊಳ್ಳುವುದನ್ನು ಬಿಟ್ಟು ಬೆರಳು ಮಡಚಿ ಗಂಟೆ ಎಣಿಸುವುದು. ಗಡಿಯಾರ ಸುಳ್ಳು ಹೇಳುವುದಿಲ್ಲ.

ಅವರು ಅದನ್ನು ನಂಬಿದ್ದು ಹೇಗೆ ಅಂತ ಹೇಳುತ್ತೇನೆ ಅಂದಿದ್ದೆ. ಟೀ ಕುಡಿಯುತ್ತಾ ಅವರೇ ಹೇಳಿದರು. ಕೆಲವು ವರ್ಷಗಳ ಹಿಂದೆ ಏರ್‌ಪೋರ್ಟಿಗೆ ಒಬ್ಬರನ್ನು ಬಿಟ್ಟು ಖಾಲಿ ಬರುತ್ತಿದ್ದರಂತೆ. ಸಾದಹಳ್ಳಿ ಟೋಲಿನಲ್ಲಿ ದುಡ್ಡು ಕಟ್ಟಿದ್ದು ಚೆನ್ನಾಗಿ ನೆನಪಿದೆ. ಆಮೇಲೆ ನೆನಪಿರುವುದು ಹೆಬ್ಬಾಳದ ಕೆರೆ. "ಮಧ್ಯದ ರಸ್ತೆ ಇಲ್ವೇ ಇಲ್ಲ ಮೇಡಂ ತಲೇಲಿ. ಯಲಹಂಕ ಹೆಂಗ್ ದಾಟ್ದೆ, ಎಷ್ಟ್ ಲಾರಿ ಹಿಂದೆ ಹಾಕ್ದೆ, ಒಂದೂ ಗೊತ್ತಿಲ್ಲ. ಗಾಡಿ ಓಡೈತೆ, ನಾನು ಒಳಗಿಲ್ಲ." ಗಾಡಿಗೆ ಒಂದು ಗೀರೂ ಆಗಿರಲಿಲ್ಲ. ಅದೇ ಅವರನ್ನು ಹೆದರಿಸಿದ್ದು. ಏನಾದರೂ ತಾಗಿದ್ದರೆ ಎಚ್ಚರವಾಗುತ್ತಿತ್ತು, ಏನೂ ಆಗದೆ ಹತ್ತು ಹದಿನೈದು ಕಿಲೋಮೀಟರ್ ಹೋಗಿಬಿಟ್ಟಿತ್ತು. ಗಾಡಿ ಬದಿಗೆ ಹಾಕಿ ಕೈ ನೋಡಿಕೊಂಡರಂತೆ, ನಡುಗುತ್ತಿತ್ತಂತೆ. ತರಬೇತಿಯವರ ಮಾತು ಆಗ ನೆನಪಾಗಿ ಗಂಟೆ ಎಣಿಸಿದರೆ ಇಪ್ಪತ್ತು ದಾಟಿತ್ತು.

ಇಂಥ ನಿದ್ದೆಗಣ್ಣಿನ ಓಟದಲ್ಲಿ ನಡುನಡುವೆ ಬರಬಹುದಾದ ಜೋಂಪಿಗೆ ವೈದ್ಯಕೀಯದಲ್ಲಿ ಮೈಕ್ರೋಸ್ಲೀಪ್ ಅನ್ನುತ್ತಾರೆ. ಕೆಲವೇ ಸೆಕೆಂಡಿನ ನಿದ್ದೆ, ಕಣ್ಣು ತೆರೆದೇ ಇರಬಹುದು. 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡ್ ಅಂದರೆ ಸುಮಾರು 90 ಮೀಟರ್, ಯಾರೂ ನೋಡುತ್ತಿಲ್ಲದ 90 ಮೀಟರ್. ಕುಡಿದವರು ತಪ್ಪಾಗಿ ಬ್ರೇಕ್ ಹಾಕುತ್ತಾರೆ, ತಡವಾಗಿ ಹಾಕುತ್ತಾರೆ. ನಿದ್ದೆಗೆ ಜಾರಿದವರು ಹಾಕುವುದೇ ಇಲ್ಲ.

ಹಿಂದಿನ ಸೀಟಿನಲ್ಲಿ ಕೂತವರಿಗೆ ಇದು ತಿಳಿಯುತ್ತದೆಯೇ ಅಂತ ಕೇಳುತ್ತೀರಿ. ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ. ಕಾರಣವಿಲ್ಲದೆ ವೇಗ ಏರಿಳಿಯುವುದು, ಗಾಡಿ ಮೆಲ್ಲಗೆ ಒಂದು ಕಡೆ ಸರಿದು ಆಮೇಲೆ ಜರ್ರನೆ ಎಳೆದು ಸರಿಮಾಡುವುದು, ಗೆರೆಯ ಮೇಲಿನ ರಿಫ್ಲೆಕ್ಟರುಗಳು ಚಕ್ರದಡಿ ಟಕಟಕ ಅನ್ನುವುದು, ತಿರುಗಬೇಕಾದ ಕಡೆ ನೇರ ಹೋಗುವುದು. ಕತ್ತು ಉಜ್ಜಿಕೊಳ್ಳುವುದು, ಗಾಜು ಇಳಿಸುವುದು, ಹಾಡು ಜೋರು ಮಾಡುವುದು ಇವೆಲ್ಲ ನಿದ್ದೆ ಬಂದಿದೆ ಅನ್ನುವುದರ ಗುರುತು, ನಿದ್ದೆಗೆ ಮದ್ದಲ್ಲ. ಮಾತಾಡಿಸಿದರೆ ಸ್ವಲ್ಪ ಹೊತ್ತು ಎಳೆಯಬಹುದು. ಆದರೆ ಅಡಿನೋಸಿನ್ ಮಾತಿಗೆ ಕರಗುವುದಿಲ್ಲ.

ಮತ್ತೆ ಟೀ ಗಾಡಿಯ ಹತ್ತಿರ ಹೋಗೋಣ. ಭಾವ ಲೋಟ ಕೈಯಲ್ಲೇ ಹಿಡಿದು ನಿಂತಿದ್ದರು. ಕೊಟ್ಟದ್ದನ್ನು ಬೇಡ ಅನ್ನಿಸಿಕೊಂಡವರ ಮುಜುಗರ ಇರುತ್ತದಲ್ಲ, ಅದು. ಅಣ್ಣನಿಗೆ ಅದು ಗೊತ್ತಾಯಿತು ಅನ್ನಿಸುತ್ತೆ. "ಬೇಜಾರ್ ಮಾಡ್ಕೊಬೇಡಿ ಸರ್. ಏನಾದ್ರೂ ಕೊಡ್ಬೇಕು ಅನ್ಸಿದ್ರೆ ಇಪ್ಪತ್ತು ನಿಮಿಷ ಕೊಡಿ. ಸೀಟಲ್ಲೇ ಒಂದು ನಿದ್ದೆ ತೆಗ್ದ್ ಬಿಡ್ತೀನಿ. ನೀವು ಅರ್ಜೆಂಟ್ ಅಂದ್ರೆ ಬೇಡ."

ಎಲ್ಲರಿಗಿಂತ ಮೊದಲು ಅಕ್ಕ "ಮಲ್ಕೊಳ್ಳಿ ಅಣ್ಣ" ಅಂದಳು.

ಅವರು ಎರಡನೇ ಟೀ ತಗೊಂಡು ಗಟಗಟ ಕುಡಿದರು. ಮಲಗುವ ಮುಂಚೆ ಯಾಕೆ ಟೀ ಅಂತ ತಮ್ಮ ಕೇಳಿದ. ಅಣ್ಣ "ಎದ್ದಾಗ ಹತ್ತಿರುತ್ತೆ" ಅಂದರು. ಅದೂ ಸರಿಯಾದ ಲೆಕ್ಕವೇ. ಕೆಫೀನ್ ಹೋಗಿ ಕೂರುವುದು ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ. ಕೂರುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ನಮ್ಮ ಬೀದಿ ಟೀ ಲೋಟ ಚಿಕ್ಕದು, ಅದರಲ್ಲಿ ಕೆಫೀನ್ ಕಮ್ಮಿ, ಅದಕ್ಕೇ ಎರಡು. ಟೀ ಕುಡಿದು ಆ ಇಪ್ಪತ್ತು ನಿಮಿಷ ಮಲಗಿದರೆ, ನಿದ್ದೆ ತನ್ನ ಪಾಲಿನ ಕೆಲಸ ಮಾಡಿರುತ್ತದೆ, ಎದ್ದಾಗ ಕೆಫೀನೂ ಸಿದ್ಧವಾಗಿರುತ್ತದೆ. ಇಪ್ಪತ್ತೇ ಯಾಕೆ ಅಂದರೆ, ಅದಕ್ಕಿಂತ ಜಾಸ್ತಿ ಮಲಗಿದರೆ ನಿದ್ದೆ ಆಳಕ್ಕೆ ಇಳಿಯುತ್ತದೆ. ಆಗ ಎಬ್ಬಿಸಿದರೆ ತಲೆ ಮಂಕಾಗಿರುತ್ತದೆ. "ಅರ್ಧ ಗಂಟೆ ಮೀರಿದ್ರೆ ತಲೆ ಕೆಸರಾಗುತ್ತೆ" ಅಂತ ಅವರ ಭಾಷೆ. ಇದು ಪೂರ್ತಿ ರಾತ್ರಿಗೆ ಸಾಲುವ ಉಪಾಯ ಅಲ್ಲ ಅನ್ನುವುದನ್ನೂ ಹೇಳಬೇಕು. ಒಂದೆರಡು ಗಂಟೆ ತಳ್ಳಬಹುದು, ಅಷ್ಟೇ. ಬಾಕಿ ಇರುವ ನಿದ್ದೆ ಬಾಕಿಯೇ.

ಅವರು ಸೀಟು ಹಿಂದಕ್ಕೆ ಮಾಡಿ, ಗಾಜು ಎರಡು ಬೆರಳಷ್ಟು ಇಳಿಸಿ, ಟವೆಲ್ ಮುಖದ ಮೇಲೆ ಹಾಕಿಕೊಂಡರು. ಒಂದು ನಿಮಿಷದಲ್ಲಿ ಗೊರಕೆ. ಆ ವೇಗ ನೋಡಿಯೇ ನನಗೆ ಎದೆ ಝಲ್ಲೆಂದಿತು. ಅಷ್ಟು ಬೇಗ ನಿದ್ದೆಗೆ ಬೀಳುವ ಮೈ ಐದು ನಿಮಿಷದ ಹಿಂದೆ ನಮ್ಮನ್ನು 80ರಲ್ಲಿ ಕರೆತಂದಿತ್ತು. ಪಾಠದಲ್ಲಿ ಇದನ್ನು ನಾನೇ ಹೇಳಿದ್ದೇನೆ: ಮಲಗಿದ ಐದು ನಿಮಿಷದೊಳಗೆ ಹಗಲಲ್ಲೂ ನಿದ್ದೆ ಹತ್ತುವವರಿಗೆ ನಿದ್ದೆಯ ಸಾಲ ತುಂಬಾ ಇದೆ ಅಂತ. ಕಣ್ಣಾರೆ ನೋಡಿದ್ದು ಅವತ್ತೇ.

ನಾವು ನಾಲ್ವರು ಶಾಲು ಹೊದ್ದು ಸೈಕಲ್ಲಿನ ಪಕ್ಕ ನಿಂತೆವು. ಭಾವ ಫೋನಿನಲ್ಲಿ ಅಲಾರಂ ಇಟ್ಟರು. ತಮ್ಮ ಏನೋ ಜೋರಾಗಿ ನಕ್ಕಾಗ ಅವರೇ "ಶ್" ಅಂದರು. ಲೋಟದಲ್ಲಿದ್ದುದನ್ನು ರಸ್ತೆ ಬದಿಯ ಮಣ್ಣಿಗೆ ಚೆಲ್ಲಿ, ಟೀಯವರ ಹತ್ತಿರ ಮತ್ತೊಂದು ಟೀ ಕೇಳಿದರು.

ಅಲಾರಂ ಹೊಡೆದ ಮೇಲೆ ಭಾವ ಹೋಗಿ ಗಾಜು ಮೆಲ್ಲಗೆ ತಟ್ಟಿದರು. ಅಣ್ಣ ಎದ್ದು ತಕ್ಷಣ ಗಾಡಿ ತೆಗೆಯಲಿಲ್ಲ. ಬಾಟಲಿ ನೀರಿನಲ್ಲಿ ಮುಖ ತೊಳೆದರು, ಗಾಡಿಯ ಸುತ್ತ ನಾಲ್ಕೈದು ಸುತ್ತು ನಡೆದರು, ಟೈರ್ ನೋಡಿದರು, ಟೀಯವರ ಜೊತೆ ಎರಡು ಮಾತಾಡಿದರು. ಎದ್ದ ಮೇಲೂ ಮಿದುಳು ಪೂರ್ತಿ ಬರುವುದಕ್ಕೆ ಹತ್ತು ಹದಿನೈದು ನಿಮಿಷ ಬೇಕಾಗುತ್ತದೆ, ಅದನ್ನೂ ಅವರು ಬಲ್ಲವರಾಗಿದ್ದರು. ಆಮೇಲೆ "ಹೋಗೋಣ ಸರ್" ಅಂದರು. ಈ ಸಲ ಭಾವ ಮುಂದಿನ ಸೀಟಿನಲ್ಲಿ ಕೂತರು, ದಾರಿಯುದ್ದಕ್ಕೂ ಅವರ ಮಗಳ ಶಾಲೆಯ ವಿಷಯ ಕೇಳುತ್ತಾ ಬಂದರು.

ಜಯನಗರ ಮುಟ್ಟಿದಾಗ ಮೂರೂಕಾಲು ಆಗಿತ್ತು. ಭಾವ ಬಾಡಿಗೆಯ ಮೇಲೆ ಇನ್ನಷ್ಟು ಕೊಟ್ಟರು, ಅಣ್ಣ ತಗೊಂಡರು. ಹೊರಡುವುದಕ್ಕೆ ಮುಂಚೆ ಒಂದು ಮಾತು ಕೇಳಿದರು. "ಮೇಡಂ, ನಿಮ್ ಗೇಟ್ ಮುಂದೆ ಆ ಮರದ ಕೆಳಗೆ ಗಾಡಿ ಹಾಕ್ಕೊಂಡ್ ಮಲ್ಕೊಳ್ಲಾ? ಮನೆ ಕೆಂಗೇರಿ ಹತ್ರ, ಈಗ ಓಡ್ಸೋದ್ ಬೇಡ."

ಹಾಕಿಕೊಳ್ಳಿ ಅಂದೆ. ಪಕ್ಕದ ಮನೆಯವರು ಬೆಳಗ್ಗೆ ಐದೂವರೆಗೇ ಎದ್ದು ನೀರಿನ ಮೋಟಾರ್ ಹಾಕುತ್ತಾರೆ. ಅವರಿಗೆ ಒಂದು ಮೆಸೇಜ್ ಕಳಿಸಿದೆ, ಮರದ ಕೆಳಗಿನ ಗಾಡಿಯಲ್ಲಿ ಒಬ್ಬರು ಮಲಗಿದ್ದಾರೆ, ಇವತ್ತೊಂದು ದಿನ ಮೋಟಾರ್ ಸ್ವಲ್ಪ ತಡವಾಗಿ ಹಾಕಿ ಅಂತ. ಎಂಟಕ್ಕೆ ಎದ್ದು ನೋಡಿದಾಗ ಗಾಡಿ ಇನ್ನೂ ಅಲ್ಲೇ ಇತ್ತು, ಮುಂದಿನ ಗಾಜಿನ ಮೇಲೆ ಹೊಂಗೆ ಎಲೆ ಬಿದ್ದಿದ್ದವು. ಅಕ್ಕ ಕಾಫಿ ಬೆರೆಸಿ ತಂದಳು. ಎಬ್ಬಿಸುವುದು ಬೇಡ, ಎದ್ದಾಗ ಕೊಡೋಣ ಅಂತ ಫ್ಲಾಸ್ಕಿಗೆ ಹಾಕಿಟ್ಟೆವು.